‘ನ’ ಬಿಟ್ಟ ಫ್ರೆಂಚನ್ನೂ ಕಲಿಯೋಣ

ಹಳೇಬೀಡಿನಲ್ಲಿ ಕಲ್ಲಿನ ಗೊಂಬೆ ಮಾರುವ ನಮ್ಮ ಮಾಮು ಹತ್ತಿರ ಒಬ್ಬ ಫ್ರೆಂಚ್ ಮಹಿಳೆ ಎರಡು ಆನೆ ಕೊಂಡರು. ಮೂರನೆಯದು ತೋರಿಸಿದಾಗ ‘ಝಾಂ ವೊ ಪ್ಲು’ ಅಂದರು. ‘ಪ್ಲುಸ್’ ಎಂದರೆ ಹೆಚ್ಚು ಎಂದು ಮಾಮು ಪುಸ್ತಕದಲ್ಲಿ ಓದಿದ್ದರು. ಖುಷಿಯಿಂದ ಮೂರನೆಯ ಆನೆಯನ್ನೂ ಕಟ್ಟಿಕೊಟ್ಟರು. ಆಕೆ ನಕ್ಕು ಅದನ್ನು ವಾಪಸ್ ಇಟ್ಟರು. ಅವರು ಹೇಳಿದ್ದು ‘ಇನ್ನು ಬೇಡ’.

ಫ್ರೆಂಚ್ ವ್ಯಾಕರಣದಲ್ಲಿ ‘ಇಲ್ಲ’, ‘ಬೇಡ’ ಎನ್ನಲು ಎರಡು ಪದ ಬೇಕು: ಕ್ರಿಯಾಪದದ ಮುಂದೆ ‘ನ’, ಹಿಂದೆ ‘ಪಾ’ ಅಥವಾ ‘ಪ್ಲು’. ಮಾತಿನಲ್ಲಿ ‘ನ’ ಬಿದ್ದುಹೋಗುತ್ತದೆ. ‘ಝ ನ ಸೇ ಪಾ’ (ನನಗೆ ಗೊತ್ತಿಲ್ಲ) ಬರೀ ‘ಶೇ ಪಾ’ ಆಗುತ್ತದೆ, ಮೊಬೈಲಿನಲ್ಲಿ jsp. ‘ಚಿಂತಿಸಬೇಡ’ ಎನ್ನುವಾಗ ‘ಪಾ’ ಕೂಡ ಬಿಟ್ಟು, ಉಳಿದದ್ದನ್ನು tkt ಎಂದು ಬರೆಯುತ್ತಾರೆ. ಹುಡುಗರು ಅಕ್ಷರ ತಿರುಗಿಸಿ ‘ಮೆರ್ಸಿ’ಯನ್ನು ‘ಸಿಮೆರ್’ ಅನ್ನುವುದೂ ಉಂಟು. ಇದಕ್ಕೆ ‘ವೆರ್ಲಾಂ’ ಎಂದು ಹೆಸರು.

ಕೆಲವರು ಇದನ್ನು ಕೆಟ್ಟ ಫ್ರೆಂಚ್ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ‘ಬರುವುದಿಲ್ಲ’ ಎಂದು ಬರೆದು ‘ಬರಲ್ಲ’ ಎಂದು ಮಾತಾಡುವವರು ನಾವೇ ಅಲ್ಲವೇ?

ಆದರೆ ‘ಪ್ಲು’ ವಿಷಯದಲ್ಲಿ ಎಚ್ಚರ ಬೇಕು. ಕೊನೆಯ ‘ಸ್’ ಕೇಳಿಸಿದರೆ ‘ಇನ್ನೂ ಬೇಕು’, ಕೇಳಿಸದಿದ್ದರೆ ‘ಇನ್ನು ಬೇಡ’. ಬರವಣಿಗೆಯಲ್ಲಿ ಎರಡಕ್ಕೂ ಕಾಗುಣಿತ ಒಂದೇ. ಆದ್ದರಿಂದ ಪರೀಕ್ಷೆಯಲ್ಲೂ ವ್ಯಾಪಾರದ ಪತ್ರದಲ್ಲೂ ‘ನ’ ಇರಲಿ. ಬೇಲೂರು, ಹಳೇಬೀಡಿನಲ್ಲಿ ಗೈಡ್ ಆಗಲು, ಅಂಗಡಿ ಇಡಲು ಫ್ರೆಂಚ್ ಕಲಿಯುವವರು ಮಾತ್ರ ‘ನ’ ಇಲ್ಲದ ಮಾತನ್ನು ಮೊದಲ ವಾರದಿಂದಲೇ ಕೇಳಿಸಿಕೊಳ್ಳಬೇಕು. ಪ್ರವಾಸಿ ನಮ್ಮ ಪುಸ್ತಕ ಓದಿಕೊಂಡು ಬರಲ್ಲ.