ಪರಿಚಯ ಭಾಷಣಕ್ಕೆ ಯಾವ ಕನ್ನಡ?

ಸಣ್ಣ ಊರಿನ ವೇದಿಕೆಯಲ್ಲಿ ಗ್ರಾಂಥಿಕ ಕನ್ನಡ ಕೃತಕ, ಆಡುನುಡಿಯೇ ಪ್ರಾಮಾಣಿಕ ಎಂಬ ಮಾತು ನಮ್ಮ ಬಳಗದಲ್ಲಿ ಈಚೆಗೆ ಸಿದ್ಧಾಂತದಂತೆ ಚಲಾವಣೆಯಲ್ಲಿದೆ. ನಾನು ಇದನ್ನು ಒಪ್ಪಲಾರೆ.

ಯಾರ ಆಡುನುಡಿ? ‘ಬಂದಿದ್ದಾರೆ’ ಎಂಬ ಒಂದೇ ಕ್ರಿಯಾಪದವನ್ನು ನೋಡಿ. ಧಾರವಾಡದ ಕಡೆ ಅದು ‘ಬಂದಾರ’, ಮಂಡ್ಯದ ಕಡೆ ‘ಬಂದವ್ರೆ’, ಬೆಂಗಳೂರಿನ ನಿರೂಪಕರ ಬಾಯಲ್ಲಿ ‘ಬಂದಿದಾರೆ’. ಹೊರನಾಡಿನಿಂದ ಹೋದ ನಾವು ಸಹಜವಾಗಿ ಮಾತನಾಡುತ್ತೇವೆಂದು ಹೊರಟಾಗ ಬಾಯಿಂದ ಬರುವುದು ಬಹುಮಟ್ಟಿಗೆ ಈ ಮೂರನೆಯದು. ರಾಮದುರ್ಗದ ಸಭಿಕರಿಗೆ ಅದು ಮನೆಮಾತಲ್ಲ, ಟೀವಿಯ ಮಾತು. ‘ಬಂದಿದ್ದಾರೆ’ಯಾದರೋ ಯಾರ ಮನೆಯದೂ ಅಲ್ಲ, ಆದಕಾರಣವೇ ಯಾರಿಗೂ ಪರಕೀಯವಲ್ಲ. ಜನರು ನಿಜವಾಗಿ ಆಡುವ ಭಾಷೆಯೇ ಕಾವ್ಯಕ್ಕೆ ತಕ್ಕದ್ದೆಂದ ವರ್ಡ್ಸ್‌ವರ್ತನೊಡನೆ ಕೋಲರಿಜ್ ಹೂಡಿದ ಜಗಳವೂ ಇದೇ: ಯಾವ ಜನರು?

ಆಡುನುಡಿಯ ಪಕ್ಷದವರ ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅವರು ಹಿಡಿದಿರುವುದು ತಪ್ಪು ಆರೋಪಿಯನ್ನು. ನನ್ನ ಶಾಲಾಗುರುಗಳ ಸನ್ಮಾನಕ್ಕೆ ಅವರನ್ನು ಪರಿಚಯಿಸುವ ಹೊಣೆ ನನ್ನ ಪಾಲಿಗೆ ಬಂದಾಗ ನಾನು ಮೊದಲು ಬರೆದದ್ದು ಹೀಗಿತ್ತು: ‘ಶಿಕ್ಷಣ ಕ್ಷೇತ್ರದಲ್ಲಿ ಸುದೀರ್ಘ ಸೇವೆ ಸಲ್ಲಿಸಿ, ಅಸಂಖ್ಯ ವಿದ್ಯಾರ್ಥಿಗಳ ಬಾಳಿಗೆ ಬೆಳಕಾದ, ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳಾದ...’ ಹೆಸರು ಬರುವ ಹೊತ್ತಿಗೆ ಉಸಿರು ಮುಗಿಯುತ್ತಿತ್ತು. ಓದುವವನು ಕಣ್ಣನ್ನು ಹಿಂದಕ್ಕೆ ಹೊರಳಿಸಬಲ್ಲ, ಕೇಳುವವನಿಗೆ ಆ ಸೌಕರ್ಯವಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಹೆಸರನ್ನು ತೆಗೆದು ಪಕ್ಕದ ಕುರ್ಚಿಯ ಸಹಕಾರಿ ಸಂಘದ ಅಧ್ಯಕ್ಷರ ಹೆಸರಿಟ್ಟು, ಒಂದೆರಡು ಪದ ಬದಲಿಸಿದರೆ ಸಾಕಿತ್ತು. ಇದನ್ನೇ ಆಡುನುಡಿಗೆ ಇಳಿಸಿ ‘ಭಾಳ ದೊಡ್ಡ ಮನಷ್ಯಾರು’ ಎಂದರೂ ಟೊಳ್ಳು ಟೊಳ್ಳೇ. ಮೇಲಾಗಿ, ದೂರದ ಊರಿನಲ್ಲಿ ಓದಿ ನೌಕರಿ ಹಿಡಿದವನು ಬಂದು ಗುರುಗಳ ವಿಷಯ ಹೀಗೆ ಕಟ್ಟೆಹರಟೆಯಂತೆ ಆಡಿದರೆ ಮುಂದಿನ ಸಾಲಿನ ಹಿರಿಯರಿಗೆ ಅದು ಆತ್ಮೀಯತೆಯಾಗಿ ಅಲ್ಲ, ಉಡಾಫೆಯಾಗಿ ಕೇಳಿಸುತ್ತದೆ.

ಆದ್ದರಿಂದ ವ್ಯಾಕರಣವನ್ನು ಬಿಡಲಿಲ್ಲ, ವಿಶೇಷಣಗಳನ್ನು ಬಿಟ್ಟೆ. ಹೆಸರನ್ನು ಮೊದಲ ವಾಕ್ಯಕ್ಕೆ ತಂದೆ. ‘ಇವರು ನಮಗೆ ಏಳನೆಯ ತರಗತಿಯಲ್ಲಿ ಗಣಿತ ಕಲಿಸಿದರು. ಪಾಟಿಯನ್ನು ಬಿಡಿಸಿ ನೋಟುಪುಸ್ತಕ ಹಿಡಿಸಿದರು. ತಪ್ಪನ್ನು ಅಳಿಸಲು ಬಿಡುತ್ತಿರಲಿಲ್ಲ.’ ಒಂದು ವಾಕ್ಯಕ್ಕೆ ಒಂದೇ ಕ್ರಿಯೆ. ಎಲ್ಲವೂ ಶಿಷ್ಟ ಕನ್ನಡವೇ, ಆದರೂ ಹಿಂದಿನ ಸಾಲಿನವರೆಗೆ ಅರ್ಥವಾಗದ ಪದವೊಂದೂ ಇರಲಿಲ್ಲ.

ಅನಂತರ ಅವರದೇ ಮಾತನ್ನು ಅವರದೇ ನುಡಿಯಲ್ಲಿ ಹೇಳಿದೆ: ‘ಅಳಸಬ್ಯಾಡೋ, ಗೆರಿ ಹೊಡದು ಮುಂದ ಬರಿ. ಎಲ್ಲಿ ಎಡವಿದಿ ಅಂತ ನಾಳೆ ನಿನಗ ಗೊತ್ತಾಗಬೇಕಲ್ಲ?’ ಸಭೆ ಗೊಳ್ಳೆಂದು ನಕ್ಕಿತು. ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡರು. ಆ ಮಾತನ್ನು ನಾನು ಶಿಷ್ಟಗೊಳಿಸಿದ್ದರೆ ಅವರ ದನಿ ಅಲ್ಲೇ ಕಳೆದುಹೋಗುತ್ತಿತ್ತು. ಸುತ್ತಲಿನ ನನ್ನ ಮಾತೂ ಆಡುನುಡಿಯಲ್ಲೇ ಇದ್ದಿದ್ದರೆ ಅದು ಅವರ ದನಿಯೆಂದು ಬೇರೆಯಾಗಿ ಕೇಳಿಸುತ್ತಿರಲಿಲ್ಲ.