ಒಂದು ಉಪನ್ಯಾಸ, ಎರಡು ಶೀರ್ಷಿಕೆ

ಮಿಲ್ಪಿಟಾಸ್‌ನಲ್ಲಿ ಮಧುಮೇಹದ ಬಗ್ಗೆ ನಾವು ನೀಡಿದ 42 ನಿಮಿಷಗಳ ಉಪನ್ಯಾಸವನ್ನು ಯೂಟ್ಯೂಬ್‌ಗೂ, ಅದರ 50 ಸೆಕೆಂಡಿನ ತುಣುಕನ್ನು ಇನ್‌ಸ್ಟಾಗ್ರಾಮ್ ರೀಲ್‌ಗೂ ಏರಿಸುವಾಗ, ಒಂದೇ ಶೀರ್ಷಿಕೆ ಮತ್ತು ವಿವರಣೆಯನ್ನು ಎರಡೂ ಕಡೆ ಅಂಟಿಸಿದರೆ ಸಾಲದೇ ಎಂದು ಸ್ವಯಂಸೇವಕ ಮಿತ್ರರೊಬ್ಬರು ಕೇಳಿದರು. ಸಾಲದು ಎಂಬುದು ನಮ್ಮ ಅಭಿಪ್ರಾಯ.

ಯೂಟ್ಯೂಬ್‌ನ ಇಂಥ ಉಪನ್ಯಾಸಕ್ಕೆ ಬರುವವರಲ್ಲಿ ಅನೇಕರು ಏನನ್ನೋ ಹುಡುಕುತ್ತಾ ಬರುತ್ತಾರೆ. ಅವರು ಟೈಪಿಸುವುದು 'ಮಧುಮೇಹ' ಎಂದಲ್ಲ, 'ಸಕ್ಕರೆ ಕಾಯಿಲೆ' ಎಂದು. ಕೆಲವರು 'ಶುಗರ್' ಎಂದು. ಆದುದರಿಂದ ಶೀರ್ಷಿಕೆಯಲ್ಲಿ ಆಡುಮಾತಿನ ಪದವೂ, ವಿವರಣೆಯ ಮೊದಲ ವಾಕ್ಯದಲ್ಲಿ ಉಳಿದ ಪದಗಳೂ ಇರಬೇಕು. ಶೀರ್ಷಿಕೆಗೆ 100 ಅಕ್ಷರಗಳ ಮಿತಿಯಿದೆ. ಕನ್ನಡದ ಒತ್ತು, ಕಾಗುಣಿತಗಳೂ ಲೆಕ್ಕಕ್ಕೆ ಸೇರುವುದರಿಂದ ಅದು ಬೇಗ ತುಂಬುತ್ತದೆ. ವಿವರಣೆಯಲ್ಲಿ ಅಧ್ಯಾಯಗಳನ್ನು ಹೀಗೆ ಕೊಟ್ಟೆವು:

```
0:00 ಸಕ್ಕರೆ ಕಾಯಿಲೆ ನಮ್ಮವರಲ್ಲಿ ಏಕೆ ಹೆಚ್ಚು
9:40 ಬಿಎಂಐ: 25 ಅಲ್ಲ, 23
21:15 ರಕ್ತಪರೀಕ್ಷೆಯ ವರದಿ ಓದುವ ಬಗೆ
33:30 ಸಭಿಕರ ಪ್ರಶ್ನೆಗಳು
```

ಮೊದಲ ಸಾಲು 0:00 ಆಗಿರದಿದ್ದರೆ, ಅಥವಾ ಮೂರಕ್ಕಿಂತ ಕಡಿಮೆ ಸಾಲುಗಳಿದ್ದರೆ, ಅಧ್ಯಾಯಗಳು ಮೂಡುವುದೇ ಇಲ್ಲ.

ರೀಲ್ ನೋಡುವವರು ಏನನ್ನೂ ಹುಡುಕಿ ಬಂದವರಲ್ಲ. ಬೆರಳು ಜಾರಿಸುತ್ತಾ ಎದುರಾದವರು. ನಮ್ಮ ತುಣುಕು ಎರಡನೆಯ ಅಧ್ಯಾಯದ್ದು: ಏಷ್ಯಾ ಮೂಲದ ವಯಸ್ಕರಿಗೆ ಬಿಎಂಐ 23 ತಲುಪಿದಾಗಲೇ ಮಧುಮೇಹದ ತಪಾಸಣೆಯನ್ನು ಪರಿಗಣಿಸಬೇಕೆಂದು ಅಮೆರಿಕನ್ ಡಯಾಬಿಟೀಸ್ ಅಸೋಸಿಯೇಷನ್ 2015ರಿಂದ ಹೇಳುತ್ತಿದೆ, ಇತರರಿಗೆ ಅದು 25. ಇದಕ್ಕೆ ಇಡೀ ಉಪನ್ಯಾಸದ ಶೀರ್ಷಿಕೆ ಅಂಟಿಸಿದರೆ, ತುಣುಕಿನಲ್ಲಿ ಇಲ್ಲದ ಆಹಾರ, ಔಷಧಗಳ ಭರವಸೆ ಕೊಟ್ಟಂತಾಗುತ್ತದೆ. ಅದಕ್ಕಿಂತ ಕೆಟ್ಟದ್ದು, '23 ದಾಟಿದರೆ ಅಪಾಯ!' ಎಂಬ ಬರಹ. ಕ್ಲಿಕ್ಕುಗಳು ಬಂದಾವು, ಆದರೆ 23 ಎಂಬುದು ರೋಗನಿರ್ಣಯದ ಸಂಖ್ಯೆಯಲ್ಲ.

ಮುಚ್ಚಿದ ಸ್ಥಿತಿಯಲ್ಲಿ ರೀಲ್‌ನ ಬರಹದ ಆರಂಭವಷ್ಟೇ ಕಾಣುವುದರಿಂದ, ಯಾರಿಗೆ ಮತ್ತು ಏನು ಎಂಬೆರಡೂ ಅಲ್ಲಿಯೇ ಬರಬೇಕು. ನಾವು ಬರೆದುದು: 'ಭಾರತೀಯ ಮೂಲದವರೇ, 170 ಸೆಂ.ಮೀ. ಎತ್ತರಕ್ಕೆ 66.5 ಕೆ.ಜಿ. ದಾಟಿದರೆ ಸಕ್ಕರೆ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಇದು ರೋಗವಿದೆ ಎಂಬ ಅರ್ಥವಲ್ಲ.' ಬಿಎಂಐ ಎಂಬ ಪದ ಬಂದದ್ದು ಇದರ ನಂತರ. ಬರಹದೊಳಗಿನ ಕೊಂಡಿ ಅಲ್ಲಿ ಒತ್ತಿದರೆ ತೆರೆಯದು. ಪೂರ್ಣ ಉಪನ್ಯಾಸದ ವಿಳಾಸವನ್ನು ಪ್ರೊಫೈಲ್ ಪುಟದಲ್ಲಿಟ್ಟು, ಅದನ್ನು ಹೆಸರಿನಿಂದ ಸೂಚಿಸಿದೆವು.

ಬರಹ ಸೋತಿದೆಯೇ ಎಂದು ತಿಳಿಯಲು ವೀಕ್ಷಣೆಗಳ ಸಂಖ್ಯೆಗಿಂತ ಪ್ರತಿಕ್ರಿಯೆಗಳೇ ನಂಬಲರ್ಹ. 'ನನಗೆ 24, ಸಕ್ಕರೆ ಕಾಯಿಲೆ ಬಂತೇ?' ಎಂದು ಇಬ್ಬರು ಕೇಳಿದರೂ ಮೊದಲ ಸಾಲನ್ನು ತಿದ್ದಬೇಕು.

ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ. ಊರಿನ ಅತ್ತೆ, ಚಿಕ್ಕಪ್ಪಂದಿರ ವಾಟ್ಸ್‌ಆ್ಯಪ್‌ಗೆ ತುಣುಕಿನ ಕಡತವಷ್ಟೇ ಹೋದಾಗ, ನಾವು ಬರೆದ ಬರಹ ಜೊತೆಗೆ ಹೋಗುವುದಿಲ್ಲ. ಆದುದರಿಂದ 'ಇದು ತಪಾಸಣೆಗೆ, ರೋಗನಿರ್ಣಯಕ್ಕಲ್ಲ' ಎಂಬ ಸಾಲನ್ನು ಚಿತ್ರದ ಮೇಲೆಯೇ, ತುಣುಕು ಮುಗಿಯುವವರೆಗೂ ಇರುವಂತೆ, ಅಚ್ಚೊತ್ತಿಸಿದ್ದೇವೆ.