ಪ್ರೀತಿಯು ‘ಪಿ’ ಆದ ಬಗೆ: ಇಳಿಬಿಟ್ಟ ಮೊದಲಕ್ಷರದ ಕುರಿತು

ಬಜಾಜ್ ನಗರದ ನಾಲ್ಕಾರು ಕನ್ನಡದ ಮನೆಗಳು ಸೇರಿ ಹೊರತಂದ ಸಣ್ಣ ಸ್ಮರಣ ಸಂಚಿಕೆಯೊಂದರ ಕರಡನ್ನು ತಿದ್ದುವ ಕೆಲಸ ಎರಡು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಎಪ್ಪತ್ತೆಂಟು ದಾಟಿದ ಹಿರಿಯ ತಾಯಿಯೊಬ್ಬರ ಲೇಖನವಿತ್ತು. ನಾಗಪುರಕ್ಕೆ ಮದುವೆಯಾಗಿ ಬಂದ ಹೊಸತರಲ್ಲಿ ತಮ್ಮ ಅಕ್ಕನಿಗೆ ಬರೆಯುತ್ತಿದ್ದ ಕಾಗದಗಳ ನೆನಪು ಅದು. ‘ಪ್ರೀತಿಯ ಅಕ್ಕನಿಗೆ’ ಎಂದೇ ಮೊದಲಾಗುತ್ತಿತ್ತು. ಅವರ ಬರಹವೊಂದು ಅಚ್ಚಾಗುತ್ತಿದ್ದುದು ಅದೇ ಮೊದಲು. ಪುಟವಿನ್ಯಾಸ ಮಾಡಿದವರು ಮರಾಠಿ ಬಲ್ಲ, ಕನ್ನಡ ಅರಿಯದ ಯುವಕ, ಕೆಲಸದಲ್ಲಿ ಶ್ರದ್ಧೆಯುಳ್ಳವರು. ಪ್ರತಿ ಲೇಖನದ ಮೊದಲಕ್ಷರವನ್ನು ಮೂರು ಸಾಲಿನಷ್ಟು ದೊಡ್ಡದಾಗಿಸಿ ಬಣ್ಣ ಹಾಕಿದ್ದರು. ನಾನು ಕೊನೆಯ ಕರಡನ್ನು ನೋಡಿದ ಮೇಲೆ ಸೇರಿಸಿದ ಅಲಂಕಾರವದು. ಪುಸ್ತಕ ಕೈಗೆ ಬಂದಾಗ ಪುಟದ ನೆತ್ತಿಯಲ್ಲಿ ಕೆಂಪಾದ ಒಂದು ‘ಪಿ’ ಕುಳಿತಿತ್ತು. ಅದರ ಬಲಕ್ಕೆ ಸಣ್ಣಕ್ಷರದಲ್ಲಿ ರಕಾರದ ಒತ್ತು, ದೀರ್ಘ, ಆಮೇಲೆ ‘ತಿಯ ಅಕ್ಕನಿಗೆ’. ಅಜ್ಜಿಯ ಲೇಖನವನ್ನು ಓದಿ ಹೇಳಲು ಕುಳಿತ ಮೊಮ್ಮಗಳು, ಭಾನುವಾರದ ತರಗತಿಯಲ್ಲಿ ಆಗತಾನೇ ಕಾಗುಣಿತ ಮುಗಿಸಿದ್ದವಳು, ‘ಪಿ’ ಎಂದು ಓದಿ ನಿಂತುಬಿಟ್ಟಳು. ಅವಳು ಓದಿದ್ದು ತಪ್ಪಲ್ಲ, ಅಚ್ಚಾದದ್ದೇ ಹಾಗೆ.

ಇಳಿಬಿಟ್ಟ ಮೊದಲಕ್ಷರ, ಮುದ್ರಣದವರ ಮಾತಿನ ಡ್ರಾಪ್ ಕ್ಯಾಪ್, ನಮ್ಮ ಲಿಪಿಗೆ ಹೊರಗಿನಿಂದ ಬಂದದ್ದು. ಯುರೋಪಿನ ಹಸ್ತಪ್ರತಿಗಳಲ್ಲಿ ಮೊದಲಕ್ಷರವನ್ನು ಚಿತ್ರಿಸಲು ಬೇರೆ ಕುಶಲಿಗಳಿರುತ್ತಿದ್ದರು. 1455ರ ಸುಮಾರಿಗೆ ಮುಗಿದ ಗುಟೆನ್‌ಬರ್ಗನ ಬೈಬಲ್ಲಿನಲ್ಲೂ ಆ ಜಾಗಗಳನ್ನು ಖಾಲಿ ಬಿಟ್ಟು ಆಮೇಲೆ ಕೈಯಿಂದ ತುಂಬಿಸಿದರು. ಅಲ್ಲಿಯ ದೊಡ್ಡಕ್ಷರಗಳು ಬಹುಮಟ್ಟಿಗೆ ಒಂದೇ ಎತ್ತರದವು, ಒಂದೇ ಗೆರೆಯ ಮೇಲೆ ನಿಲ್ಲುವಂಥವು. ಕೆಳಗೆ ಇಳಿಯುವುದು ಅಪರೂಪ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಇರುವುದು ತಲೆಕಟ್ಟಿನ ಮಟ್ಟ ಒಂದು, ಅಕ್ಷರದ ಒಡಲು ಕೂರುವ ಪಾದದ ಮಟ್ಟ ಇನ್ನೊಂದು. ಗುಡಿಸು ಮೇಲಿನ ಮಟ್ಟವನ್ನು ತುಸು ಮೀರುತ್ತದೆ. ಒತ್ತು, ಐತ್ವದ ಕೆಳಗಿನ ಭಾಗ, ಋಕಾರ ಇವು ಪಾದದ ಕೆಳಗೆ ಜೋತುಬೀಳುತ್ತವೆ. ಆದ್ದರಿಂದ ಆ ಅಲಂಕಾರವನ್ನು ನಾವು ಬಳಸಬಾರದೆಂದು ನಾನು ವಾದಿಸುವುದಿಲ್ಲ. ಆದರೆ ಒಂದು ಅಕ್ಷರವೆಂದರೆ ಏನು, ಅದು ಎಲ್ಲಿ ಕೂರಬೇಕು ಎಂಬ ಎರಡು ಪ್ರಶ್ನೆಗಳನ್ನು ಯಂತ್ರಕ್ಕೆ ಬಿಟ್ಟುಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಪ್ರಶ್ನೆಯೇ ನಮ್ಮ ಪುಟವನ್ನು ಕೆಡಿಸಿದ್ದು. ‘ಪ್ರೀ’ ನಮ್ಮ ಕಿವಿಗೂ ಕಣ್ಣಿಗೂ ಒಂದೇ ಅಕ್ಷರ. ಹಳೆಯ ನುಡಿ ಫಾಂಟುಗಳಲ್ಲಿ ಅದು ಮೂರು ತುಂಡು: ಪಿ, ರಕಾರದ ಒತ್ತು, ದೀರ್ಘ. ಯುನಿಕೋಡಿನಲ್ಲಿ ನಾಲ್ಕು: ಪ, ಹಲಂತ, ರ, ಈಕಾರದ ಚಿಹ್ನೆ. ಲೇಖನ ಬೆರಳಚ್ಚಾದದ್ದು ನುಡಿಯಲ್ಲಿ. ವಿನ್ಯಾಸಕಾರರು ‘ಒಂದು ಅಕ್ಷರ’ ಎಂದು ಕೊಟ್ಟರು. ಯಂತ್ರವು ಮೊದಲ ತುಂಡಾದ ಪಿಯನ್ನು ಎತ್ತಿಕೊಂಡಿತು. ಯುನಿಕೋಡ್ ಆಗಿದ್ದರೆ ತಪ್ಪಿನ ರೂಪ ಬದಲಾಗಬಹುದಿತ್ತು: ದೊಡ್ಡದೊಂದು ಪ ಅಥವಾ ‘ಪ್’, ಪಕ್ಕದಲ್ಲಿ ಸಣ್ಣ ‘ರೀ’, ಕೆಲವೊಮ್ಮೆ ಆಸರೆ ತಪ್ಪಿದ ಚಿಹ್ನೆಗೆ ಯಂತ್ರ ಹಾಕಿಕೊಡುವ ಚುಕ್ಕಿಗಳ ವೃತ್ತ. ಆ ಚುಕ್ಕಿವೃತ್ತ ಎಲ್ಲಿ ಕಂಡರೂ ಅಕ್ಷರ ಒಡೆದಿದೆ ಎಂದೇ ಅರ್ಥ. ಇನ್‌ಡಿಸೈನಿನಂಥ ತಂತ್ರಾಂಶದಲ್ಲಿ `World-Ready Paragraph Composer` ಆರಿಸದಿದ್ದರೆ ಕನ್ನಡದ ಜೋಡಣೆಯೇ ಸರಿಬಾರದು. ಆರಿಸಿದ ಮೇಲೂ `Drop Cap One or More Characters` ಎಂಬ ಪೆಟ್ಟಿಗೆಯಲ್ಲಿ ಎಷ್ಟು ತುಂಡು ಬೇಕೆಂಬುದನ್ನು ಲೇಖನದಿಂದ ಲೇಖನಕ್ಕೆ ನೋಡಿಯೇ ಹಾಕಬೇಕು. ‘ಮನೆ’ಗೆ ಒಂದು, ‘ನಾನು’ವಿಗೆ ಎರಡು, ‘ಸ್ತ್ರೀ’ಗೆ ಆರು. ಯಾವುದೇ ಹೊಸ ತಂತ್ರಾಂಶ ಕೈಗೆ ಬಂದರೆ ನಾನು ಮೊದಲು ‘ಸ್ತ್ರೀ’ ಎಂದು ಬರೆದು ಪರೀಕ್ಷಿಸುತ್ತೇನೆ. ಅದು ಇಡಿಯಾಗಿ ದೊಡ್ಡದಾದರೆ ಉಳಿದವು ಆಗುತ್ತವೆ.

ಇಲ್ಲಿ ಒಂದು ದೂರು ಹೇಳಿಕೊಳ್ಳದೆ ಮುಂದೆ ಹೋಗಲಾರೆ. ಅಕ್ಷರಗಳನ್ನು ಯಂತ್ರ ಎಲ್ಲಿ ಬಿಡಿಸಬೇಕೆಂಬುದಕ್ಕೆ ಯುನಿಕೋಡಿನಲ್ಲೇ ನಿಯಮವುಂಟು. ಬಹುಕಾಲ ಆ ನಿಯಮದಂತೆ ಭಾರತದ ಲಿಪಿಗಳ ಒತ್ತಕ್ಷರಗಳೆಲ್ಲ ಹಲಂತದ ಬಳಿ ಮುರಿಯುತ್ತಿದ್ದವು. 2023ರ 15.1ನೆಯ ಆವೃತ್ತಿಯಲ್ಲಿ ಅದನ್ನು ತಿದ್ದಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳ ಒತ್ತಕ್ಷರಗಳು ಒಂದೇ ಘಟಕವೆನಿಸಿದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅಕ್ಷರರಚನೆಯಲ್ಲಿ ನಮ್ಮ ಒಡಹುಟ್ಟೆನ್ನಬಹುದಾದ ತೆಲುಗು ಒಳಗೆ, ನಾವು ಹೊರಗೆ. ಯಂತ್ರ ತಾನಾಗಿ ಸರಿ ಮಾಡೀತೆಂದು ಕಾಯುವವರು ಇದನ್ನು ನೆನಪಿಡಬೇಕು.

ಇನ್ನು ಎರಡನೆಯ ಪ್ರಶ್ನೆ, ಕೂರುವ ಜಾಗದ್ದು. ಆ ಯುವಕನ ಕೈಗೆ ಪಳಗಿದ್ದು ದೇವನಾಗರಿ. ಅಲ್ಲಿ ಕೆಲಸ ಸರಳ: ದೊಡ್ಡಕ್ಷರದ ಶಿರೋರೇಖೆಯನ್ನು ಮೊದಲ ಸಾಲಿನ ಶಿರೋರೇಖೆಗೆ ಕೂಡಿಸಿದರೆ ಕಣ್ಣು ಒಪ್ಪುತ್ತದೆ, ಒತ್ತಕ್ಷರಗಳೂ ಬಹುಪಾಲು ಅಡ್ಡಕ್ಕೆ ಬೆಳೆಯುತ್ತವೆ. ಕನ್ನಡದ ತಲೆಕಟ್ಟು ಉದ್ದಕ್ಕೆ ಹರಿಯುವ ರೇಖೆಯಲ್ಲ, ಒತ್ತು ಬೆಳೆಯುವುದು ಕೆಳಕ್ಕೆ. ನಮ್ಮ ಸಂಚಿಕೆಯದೇ ಲೆಕ್ಕ ಹಿಡಿಯೋಣ. ಮೈಬರಹ 12 ಪಾಯಿಂಟ್, ಸಾಲಿನಿಂದ ಸಾಲಿಗೆ 18 ಪಾಯಿಂಟ್. ಆ ಫಾಂಟಿನ ಒಂದು ಸಾದಾ ‘ಪ’ವನ್ನು 100 ಪಾಯಿಂಟಿನಲ್ಲಿಟ್ಟು ಅಳೆದೆ: ತಲೆಕಟ್ಟಿನಿಂದ ಪಾದದವರೆಗೆ ಸುಮಾರು 50 ಪಾಯಿಂಟ್, ಒತ್ತು ಪಾದದ ಕೆಳಗೆ ಸುಮಾರು 30 ಪಾಯಿಂಟ್ ಇಳಿಯುತ್ತದೆ. ಅಂದರೆ ಮೈಬರಹದ ಅಕ್ಷರದ ಒಡಲಿನ ಎತ್ತರ 6 ಪಾಯಿಂಟ್.

ಮೂರು ಸಾಲಿನ ದೊಡ್ಡಕ್ಷರದ ತಲೆಕಟ್ಟು ಮೊದಲ ಸಾಲಿನ ತಲೆಕಟ್ಟಿಗೂ, ಪಾದ ಮೂರನೆಯ ಸಾಲಿನ ಪಾದಕ್ಕೂ ಸಮನಾಗಬೇಕು. ಎರಡು ಸಾಲಂತರ 36, ಅದಕ್ಕೆ 6 ಕೂಡಿಸಿದರೆ 42 ಪಾಯಿಂಟ್ ಎತ್ತರ. ಒಡಲು ಫಾಂಟಿನ ಅರ್ಧದಷ್ಟಿರುವುದರಿಂದ ಗಾತ್ರ 84 ಪಾಯಿಂಟ್. ಇಷ್ಟರವರೆಗೆ ‘ಮನೆ’ಗೂ ‘ಪ್ರೀತಿ’ಗೂ ವ್ಯತ್ಯಾಸವಿಲ್ಲ. ಆದರೆ 84 ಪಾಯಿಂಟಿನ ಒತ್ತು ಸುಮಾರು 25 ಪಾಯಿಂಟ್ ಇಳಿಯುತ್ತದೆ. ನಾಲ್ಕನೆಯ ಸಾಲಿನ ತಲೆಕಟ್ಟು ಇರುವುದು ಕೇವಲ 12 ಪಾಯಿಂಟ್ ಕೆಳಗೆ. ಹೀಗಾಗಿ ರಕಾರದ ಒತ್ತು ನಾಲ್ಕನೆಯ ಸಾಲನ್ನು ಸೀಳಿಕೊಂಡು ಅದರ ಪಾದವನ್ನೂ ದಾಟಿ ನಿಲ್ಲುತ್ತದೆ. ಐದನೆಯ ಸಾಲಿನ ತಲೆಕಟ್ಟು 30 ಪಾಯಿಂಟ್ ಕೆಳಗಿರುವುದರಿಂದ ಅಲ್ಲಿಗೆ ಮಾತ್ರ ತಾಗುವುದಿಲ್ಲ. ಪರಿಹಾರವೂ ಈ ಲೆಕ್ಕದಲ್ಲೇ ಇದೆ: ಅಕ್ಷರ ಮೂರು ಸಾಲಿನದಾದರೂ ನಾಲ್ಕು ಸಾಲುಗಳನ್ನು ಪಕ್ಕಕ್ಕೆ ಸರಿಸಬೇಕು.

ಇನ್‌ಡಿಸೈನಿನಲ್ಲಿ `Scale for Descenders` ಎಂಬ ಆಯ್ಕೆಯಿದೆ. ಕೆಳಗೆ ಜೋತುಬೀಳುವ ಅಕ್ಷರ ಮುಂದಿನ ಸಾಲಿಗೆ ತಾಗದಂತೆ ಅದು ಅಕ್ಷರವನ್ನೇ ಕುಗ್ಗಿಸುತ್ತದೆ. ತಾಗುವುದು ತಪ್ಪುತ್ತದೆ ನಿಜ. ಆದರೆ ಪಾದ ಮೂರನೆಯ ಸಾಲನ್ನು ಬಿಟ್ಟು ಎರಡು ಸಾಲುಗಳ ನಡುವೆ ಎಲ್ಲೋ ತೇಲುತ್ತದೆ. ಒಂದು ಲೇಖನದ ‘ಮ’ ದೊಡ್ಡದು, ಇನ್ನೊಂದರ ‘ಪ್ರೀ’ ಚಿಕ್ಕದು ಆಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಒತ್ತಿರುವ ಅಕ್ಷರವನ್ನು ಬೇರೊಂದು ಚೌಕಟ್ಟಿನಲ್ಲಿಟ್ಟು, ಪಾದವನ್ನು ಮೂರನೆಯ ಸಾಲಿಗೆ ಕೂಡಿಸಿ, ಮೈಬರಹ ಅದನ್ನು ನಾಲ್ಕು ಸಾಲು ಬಳಸಿ ಹರಿಯುವಂತೆ ಮಾಡುವುದೇ ಲೇಸು. ತಲೆಕಟ್ಟಿಲ್ಲದೆ ಗುಡಿಸು ಹೊತ್ತಿರುವ ‘ಪ್ರೀ’ಯಂಥವನ್ನು ಕೂರಿಸುವಾಗ ಪಕ್ಕದಲ್ಲಿ ಅದೇ ಗಾತ್ರದ ಸಾದಾ ‘ಪ’ವನ್ನು ಇಟ್ಟು ನೋಡಿ, ಸರಿಹೊಂದಿದ ಮೇಲೆ ಅಳಿಸಬೇಕು. ಗುಡಿಸಿನ ನೆತ್ತಿ ಮೊದಲ ಸಾಲಿಗಿಂತ ಮೇಲೆ ಹೋದರೆ ಹೋಗಲಿ. ಅದನ್ನು ತಗ್ಗಿಸಲು ಹೋದರೆ ಪಾದ ತಪ್ಪುತ್ತದೆ.

ಅಂತರಜಾಲದ ಪುಟಗಳಲ್ಲಿ `initial-letter: 3` ಎಂದು ಬರೆದರೆ ಸಾಕೆನ್ನುವವರಿದ್ದಾರೆ. ಕ್ರೋಮ್ 110ರಿಂದ ಅದನ್ನು ಅರಿಯುತ್ತದೆ. ಆದರೆ ಅದು ಎತ್ತರವನ್ನು ಎಣಿಸುವುದು ಫಾಂಟಿನಲ್ಲಿ ನಮೂದಾದ ರೋಮನ್ ದೊಡ್ಡಕ್ಷರದ ಎತ್ತರದಿಂದ. ನಮ್ಮ ತಲೆಕಟ್ಟಿನ ಮಟ್ಟ ಅದಕ್ಕೆ ಸಮವಾಗಿರಬೇಕೆಂದಿಲ್ಲ. ಜೊತೆಗೆ ಒತ್ತಕ್ಷರ ಒಡೆಯುವ ಭಯ ಇದ್ದೇ ಇದೆ. ಅಕ್ಷರವನ್ನು ನಾವೇ ಸುತ್ತುವರಿದು ಹೀಗೆ ಬರೆಯುವುದು ಹಳೆಯ ದಾರಿ, ನಂಬಿಗಸ್ತ ದಾರಿ:

```html
<span class="modalu">ಪ್ರೀ</span>ತಿಯ ಅಕ್ಕನಿಗೆ
```
```css
.modalu {
  float: left;
  font-size: 84px;
  line-height: 72px;
  position: relative;
  top: 4px;
}
```

ಮೈಬರಹದ ಅಳತೆ ಮೇಲಿನದೇ, ಪಿಕ್ಸೆಲ್ಲಿನಲ್ಲಿ. 72 ಎಂದರೆ ನಾಲ್ಕು ಸಾಲು. `top` ಬೆಲೆ ಫಾಂಟಿನಿಂದ ಫಾಂಟಿಗೆ ಬೇರೆ. ಪಾದ ಮೂರನೆಯ ಸಾಲಿಗೆ ಕೂಡುವವರೆಗೆ ಬದಲಿಸುತ್ತ ಹೋಗಬೇಕು. ಅದರ ಬದಲು `margin-top` ಬಳಸಿದರೆ ಪೆಟ್ಟಿಗೆಯೇ ಎತ್ತರವಾಗಿ ಐದನೆಯ ಸಾಲೂ ಪಕ್ಕಕ್ಕೆ ಸರಿದುಬಿಡುತ್ತದೆ.

ಅಗಲದ ಮಾತೂ ಒಂದಿದೆ. ದೀರ್ಘ ಸೇರಿದ ‘ಪ್ರೀ’ 84 ಪಾಯಿಂಟಿನಲ್ಲಿ ನಮ್ಮ ಪುಟದ ಮೇಲೆ ಸುಮಾರು 110 ಪಾಯಿಂಟ್ ಜಾಗ ತಿಂದಿತು. ಎರಡು ಅಂಕಣದ ಪುಟವದು, ಅಂಕಣದ ಅಗಲ 204 ಪಾಯಿಂಟ್. ಉಳಿದ ಕಿರುಜಾಗದಲ್ಲಿ ನಮ್ಮ ಉದ್ದುದ್ದ ಸಮಾಸಪದಗಳು ಸಾಲಿಗೊಂದರಂತೆ ನಿಂತು, ಎರಡೂ ಅಂಚು ಸಮಮಾಡುವ ಹಟದಲ್ಲಿ ನಡುವೆ ಕಾಲುವೆಯಂಥ ಬಿಳಿಜಾಗ ಬಿದ್ದಿತು. ಇಂಥಲ್ಲಿ ನನ್ನ ಒಲವು ಇಳಿಬಿಟ್ಟ ಅಕ್ಷರಕ್ಕಿಂತ ಎತ್ತಿ ನಿಲ್ಲಿಸಿದ ಅಕ್ಷರದ ಕಡೆಗೆ: ಪಾದ ಮೊದಲ ಸಾಲಿನಲ್ಲೇ ಇರುತ್ತದೆ, ಅಕ್ಷರ ಮೇಲಿನ ಖಾಲಿ ಜಾಗಕ್ಕೆ ಬೆಳೆಯುತ್ತದೆ. ಅದಕ್ಕೂ ಮಿತಿಯುಂಟು. 48 ಪಾಯಿಂಟಿನಲ್ಲಿ ಒತ್ತು 14 ಪಾಯಿಂಟಿಗೂ ಮಿಕ್ಕಿ ಇಳಿದು ಎರಡನೆಯ ಸಾಲಿಗೆ ತಾಗುತ್ತದೆ. 36ರಲ್ಲಿ 11ಕ್ಕೆ ತುಸು ಕಡಿಮೆ ಇಳಿದು ಕೂದಲೆಳೆಯಷ್ಟು ದೂರದಲ್ಲಿ ನಿಲ್ಲುತ್ತದೆ. ಮೈಬರಹದ ಮೂರು ಪಟ್ಟಿಗಿಂತ ದೊಡ್ಡದು ನಮ್ಮ ಪುಟಕ್ಕೆ ಒಗ್ಗದು.

ಸಂಚಿಕೆಯ ಬಳಗದಲ್ಲಿ ಒಬ್ಬರು, “ಇಷ್ಟೆಲ್ಲ ಯಾಕೆ? ಅವರಿಗೆ ಹೇಳಿ ಮೊದಲ ಪದವನ್ನೇ ಬದಲಿಸಿಬಿಡೋಣ, ‘ನಲ್ಮೆಯ ಅಕ್ಕನಿಗೆ’ ಅಂದರಾಯಿತು” ಎಂದರು. ಸಲಹೆ ಹಾಸ್ಯದ್ದೋ ನಿಜದ್ದೋ ನನಗಿನ್ನೂ ತಿಳಿದಿಲ್ಲ. ಅರವತ್ತು ವರ್ಷದ ಹಿಂದೆ ಆ ತಾಯಿ ಅಕ್ಕನಿಗೆ ‘ನಲ್ಮೆಯ’ ಎಂದು ಬರೆದಿರಲಿಲ್ಲ.

ಈ ವರ್ಷದ ಸಂಚಿಕೆಗೆ ಅದೇ ಲೇಖನವನ್ನು ಮತ್ತೆ ಜೋಡಿಸಿದೆವು. ಆ ಯುವಕ ಒಂದು ಸಂಜೆ ನಮ್ಮ ಮನೆಗೇ ಬಂದರು. ಕಾಗದದ ಮೇಲೆ ‘ಪ್ರೀ’ ಬರೆದು ತೋರಿಸಿ, “ಇದು ಒಂದೇ ಅಕ್ಷರ” ಎಂದು ಮರಾಠಿಯಲ್ಲಿ ಹೇಳಿದೆ. ಅವರು ಪಕ್ಕದಲ್ಲಿ ತಮ್ಮ ಲಿಪಿಯ ‘ಪ್ರೀ’ ಬರೆದು, ತಮ್ಮಲ್ಲಿ ಕೆಳಗಿಳಿಯುವ ಉಕಾರವಿರುವ ಮೊದಲಕ್ಷರಗಳಿಗೂ ಇದೇ ನಾಲ್ಕನೆಯ ಸಾಲಿನ ಉಪಾಯ ಒದಗೀತೆಂದರು. ಎಲ್ಲ ಲೇಖನಗಳಿಗೂ 36 ಪಾಯಿಂಟಿನ ಎತ್ತಿದ ಅಕ್ಷರವೇ ಇರಲಿ ಎಂದು ಒಪ್ಪಿಕೊಂಡೆವು. ಕೆಂಪು ಬಣ್ಣ ಮಾತ್ರ ಬಿಡಲು ಅವರು ಒಪ್ಪಲಿಲ್ಲ.